ಬಾವನ ಪುಡಿಗೆ ನಾನು ಡಾಕ್ಟರಾಗಲು ಹೊರಟದ್ದು

ಔಷಧಿ ಪೆಟ್ಟಿಗೆಯೊಳಗೆ ಎಂಟು ಮಡಿಕೆ ಮಾಡಿ ಇಟ್ಟಿರುವ ತೆಳು ಕಾಗದವನ್ನು ಯಾರೂ ಓದುವುದಿಲ್ಲ ಎಂದು ಅದನ್ನು ಅಚ್ಚು ಹಾಕಿಸಿದವರೂ ಅಂದುಕೊಂಡಿರಬೇಕು. ನಾನು ಓದುತ್ತೇನೆ. ಬ್ರಹ್ಮಾವರದಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪು. ಮಧ್ಯಾಹ್ನದ ಊಟ ಮುಗಿದ ಮೇಲೆ ಸ್ವಲ್ಪ ಹೊತ್ತು ಗಿರಾಕಿಗಳಿರುವುದಿಲ್ಲ. ಆಗ ಒಂದು ಕಾಗದ ಬಿಡಿಸಿ ಕೂರುತ್ತೇನೆ. ತಲೆಸುತ್ತು ಎಂದು ಓದಿದ ಕೂಡಲೇ ಕಪಾಟುಗಳು ಸ್ವಲ್ಪ ವಾಲಿದಂತೆ ಕಾಣುತ್ತವೆ. ಬಾಯಿ ಒಣಗುವುದು ಎಂದಲ್ಲಿ ನೀರಿನ ಬಾಟಲಿ ಹುಡುಕುತ್ತೇನೆ. ಗುಳಿಗೆಯನ್ನು ನುಂಗದೆಯೇ ಅದರ ಅಡ್ಡ ಪರಿಣಾಮವನ್ನೆಲ್ಲ ಅನುಭವಿಸಬಲ್ಲ ಮನುಷ್ಯ ಈ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳು ಅದನ್ನು ಹೊಗಳಿಕೆಯಾಗಿ ಹೇಳುವುದಲ್ಲ.

ಇಂಥ ನನಗೆ ದೇವರು ಕೊಟ್ಟ ಬಾವ ಯಾವುದಕ್ಕೂ ಹೆದರದವರು. ಅಕ್ಕನ ಗಂಡ. ಹದಿಹರೆಯದಲ್ಲಿ ಮುಂಬೈ ಬಸ್ಸು ಹತ್ತಿ, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಅದೇ ಊರಿನಲ್ಲಿ ಸ್ವಂತ ಹೋಟೆಲಿನ ಗಲ್ಲಾದ ಮೇಲೆ ಕೂತವರು. ಈಗ ಹೋಟೆಲು ಬೇರೆಯವರಿಗೆ ಬಿಟ್ಟುಕೊಟ್ಟು ತೆಕ್ಕಟ್ಟೆಯಲ್ಲಿ ಹೈವೇಗೆ ಹತ್ತಿರ ಮನೆ ಕಟ್ಟಿಕೊಂಡಿದ್ದಾರೆ. ಊರಿನಲ್ಲಿ ಯಾರಿಗೆ ಮಂಡಿ ಆಪರೇಷನ್ ಆಗಬೇಕು, ಯಾರ ಬಾವಿ ಎಲ್ಲಿ ತೋಡಬೇಕು, ಯಾವ ಬಸ್ಸಿನವನು ಸರಿಯಾಗಿ ನಿಲ್ಲಿಸುತ್ತಾನೆ ಎಂಬುದೆಲ್ಲ ಅವರ ಬಾಯಿಂದಲೇ ತೀರ್ಮಾನವಾಗಬೇಕು. ಕೇಳದವರಿಗೂ ಹೇಳುತ್ತಾರೆ. ಅವರು ಹೇಳಿದಂತೆ ಮಾಡಿ ಒಳ್ಳೆಯದಾದವರು ಬೇಕಾದಷ್ಟು ಜನ ಇದ್ದಾರೆ ಎನ್ನುವುದೂ ಸುಳ್ಳಲ್ಲ.

ಬಾವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕುಂದಾಪುರದ ಒಬ್ಬ ಡಾಕ್ಟರಮ್ಮ ನೋಡುತ್ತಾರೆ, ಗುಳಿಗೆ ಮಾತ್ರ ನನ್ನ ಅಂಗಡಿಯದ್ದೇ ಆಗಬೇಕು. ತೆಕ್ಕಟ್ಟೆಯಲ್ಲೇ ಸಿಗುವ ಗುಳಿಗೆಗೆ ತಿಂಗಳಿಗೊಮ್ಮೆ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಬರುವುದು ನನ್ನ ಮೇಲಿನ ಪ್ರೀತಿಗೆ ಎಂದು ಅವರು, ಪಕ್ಕದ ಹೋಟೆಲಿನ ಗೋಳಿಬಜೆಗೆ ಎಂದು ನಾನು. ಸ್ಟೂಲಿನ ಮೇಲೆ ಕೂತು, ಸಕ್ಕರೆ ಹಾಕದ ಚಹಾ ತರಿಸಿ, ಅದರ ಜೊತೆಗೆ ಒಂದು ಪ್ಲೇಟು ಬಜೆ ತಿನ್ನುತ್ತಾರೆ.

“ಬಾವ, ಮೈದಾ ಅದ್” ಎಂದರೆ, “ಬಜೆಗೆ ಸಕ್ರಿ ಹಾಕ್ತ್ರಾ ಮಾರಾಯ? ನಾನ್ ಹೋಟ್ಲ್ ಮಾಡ್ದವ, ನಂಗೆ ಹೇಳಬ್ಯಾಡ” ಎನ್ನುತ್ತಾರೆ.

ಕಳೆದ ಮಳೆಗಾಲದಲ್ಲಿ ಒಂದು ತಿಂಗಳು ಬಾವ ಬರಲಿಲ್ಲ. ಮಳೆಯ ದೆಸೆಯಿಂದ ಇರಬಹುದು, ಹೋದ ಸಲದ್ದು ಮಿಕ್ಕಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ತಿಂಗಳೂ ಅರ್ಧ ಕಳೆಯಿತು. ಅವರ ಗುಳಿಗೆಗಳನ್ನು ಹಾಕಿ ಇಟ್ಟಿದ್ದ ಕಾಗದದ ಚೀಲ ಕಪಾಟಿನಲ್ಲಿ ನನ್ನನ್ನೇ ನೋಡುತ್ತಾ ಕೂತಿತ್ತು. ನನ್ನ ತಲೆಯಲ್ಲಿ ಬಾವ ಆಗಲೇ ಮೂರು ಸಲ ಬಚ್ಚಲುಮನೆಯಲ್ಲಿ ಬಿದ್ದಾಗಿತ್ತು. ಕೊನೆಗೆ ಅಕ್ಕನಿಗೆ ಫೋನು ಮಾಡಿದೆ.

“ತಮ್ಮಾ, ಹೇಳುಕಾಗ ಅಂದೇಳಿ ಹೇಳಿರ್ ನಂಗೆ” ಎಂದು ಅಕ್ಕ ದನಿ ತಗ್ಗಿಸಿದಳು. “ಇವ್ರ್ ಗುಳ್ಗಿ ಬಿಟ್ಟಿರ್. ಎಂತದೋ ಪುಡಿ ಬಂದಿತ್ತ್. ಬೆಳಿಗ್ಗೆ ಬೈಸರಿಗೆ ಅದೇ ಕುಡಿತ್ರ್. ಸಕ್ರಿ ಕಾಯ್ಲಿ ಬೇರಿಂದ್ಲೇ ಹೋತ್ತಂಬ್ರ್.”

ಬೈಸರಿಗೆ ಎಂದರೆ ನಮ್ಮಲ್ಲಿ ಸಂಜೆ. ಆ ಬೈಸರಿಗೆಯೇ ಹೋಗೋಣ ಎಂದುಕೊಂಡವನು ಭಾನುವಾರದವರೆಗೆ ತಡೆದುಕೊಂಡೆ, ಹೆದರಿಕೆಯ ಮುಖ ಇಟ್ಟುಕೊಂಡು ಹೋದರೆ ಬಾವ ಮೊದಲ ಮಾತಿನಲ್ಲೇ ನನ್ನನ್ನು ಮೂಲೆಗೆ ಕೂರಿಸುತ್ತಾರೆ ಎಂದು ಗೊತ್ತಿತ್ತು.

ಭಾನುವಾರ ಹೋದಾಗ ಅವರು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಕಾಲನ್ನು ಸ್ಟೂಲಿಗೇರಿಸಿ ಕೂತಿದ್ದರು.

“ಹ್ವಾಯ್, ಬನಿ ಬನಿ ಡಾಕ್ಟ್ರೇ” ಎಂದರು. “ನಿನ್ನಕ್ಕ ಹೇಳ್ಯಾಯ್ತ್ ಅಲ್ದಾ? ಅವ್ಳ್ ಹೊಟ್ಟಿಯಗೆ ಒಂದ್ ಅವಲಕ್ಕಿ ನಿಲ್ಲುದಿಲ್ಲೆ.”

ಈ ‘ಡಾಕ್ಟ್ರೇ’ ಎನ್ನುವುದರ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮೆಡಿಕಲ್ ಶಾಪಿನವನನ್ನು ಹಳಬರು ಡಾಕ್ಟ್ರೇ ಎಂದೇ ಕರೆಯುತ್ತಾರೆ. ಬಿಳಿ ಕೋಟು ಹಾಕಿಕೊಂಡು ಗುಳಿಗೆ ಕೊಡುವವನು ಇನ್ನೇನು ಎಂಬುದು ಅವರ ಲೆಕ್ಕ. ನಾನು ಓದಿದ್ದು ಫಾರ್ಮಸಿಯಲ್ಲಿ ಡಿಪ್ಲೊಮಾ. ಮೊದಮೊದಲು “ನಾನು ಡಾಕ್ಟರಲ್ಲ” ಎಂದು ತಿದ್ದುತ್ತಿದ್ದೆ. ಆಮೇಲೆ ತಿದ್ದುವಾಗ ದನಿ ಸಣ್ಣದಾಯಿತು. ಈಗ ಸುಮ್ಮನೆ ನಗುತ್ತೇನೆ, ನಕ್ಕರೆ ತಿದ್ದಿದಂತೆಯೂ ಆಯಿತು, ಒಪ್ಪಿಕೊಂಡಂತೆಯೂ ಆಯಿತು. ಬಾವ ಮಾತ್ರ ಆ ಪದವನ್ನು ನನ್ನನ್ನು ಕೆಣಕಲಿಕ್ಕೆಂದೇ ಇಟ್ಟುಕೊಂಡಿದ್ದಾರೆ.

ಪುಡಿಯ ಡಬ್ಬಿ ಬಂತು. ಹಸಿರು ಬಣ್ಣ, ಮೇಲೆ ಎಲೆಯ ಚಿತ್ರ. ಡಬ್ಬಿಗಿಂತ ಮೊದಲು ನಾನು ವಿಡಿಯೋ ನೋಡಲೇಬೇಕೆಂದು ಬಾವನ ಹಟ. ಫೋನಿನಲ್ಲಿ ಒಬ್ಬ ಗುಂಡು ಮುಖದ ಮನುಷ್ಯ, ಬಿಳಿ ಕೋಟು, ಕುತ್ತಿಗೆಗೆ ಸ್ಟೆತಸ್ಕೋಪು, ಹಿಂದೆ ದಪ್ಪ ದಪ್ಪ ಪುಸ್ತಕಗಳು. ಬಾಯಿ ತೆರೆದರೆ ಅಚ್ಚ ಕುಂದಾಪ್ರ ಕನ್ನಡ.

“ಹ್ವಾಯ್, ನೀವ್ ಎಷ್ಟ್ ವರ್ಷ ಅಂದೇಳಿ ಗುಳ್ಗಿ ತಿಂತ್ರಿ? ನಾನ್ ಡಾಕ್ಟ್ರಾಯಿ ಹೇಳ್ತಿದ್ದೆ, ಈ ಪುಡಿ ಶುರು ಮಾಡಿ, ಒಂದ್ ತಿಂಗ್ಳ್ ಬಿಟ್ ಗುಳ್ಗಿ ಬಿಸಾಡಿ. ಸಕ್ರಿ ಕಾಯ್ಲಿ ಬುಡದಿಂದ್ಲೇ ಗುಣ ಆತ್ತ್.”

ಆಮೇಲೆ ಒಬ್ಬ ಅಜ್ಜ, ಒಬ್ಬ ಹೆಂಗಸು, ಮತ್ತೊಬ್ಬ ಗಂಡಸು ಬಂದು ತಮಗೆ ಗುಣವಾಯಿತೆಂದರು. ಬಾವ ಅದನ್ನು ಎಷ್ಟೋ ಸಲ ನೋಡಿದ್ದರೂ ಮುಖ ಅರಳಿಸಿಕೊಂಡೇ ನೋಡುತ್ತಿದ್ದರು. ನನಗೆ ಅರ್ಥವಾಯಿತು. ಮುಂಬೈಯಲ್ಲಿ ಅಷ್ಟು ವರ್ಷ ಹಿಂದಿ, ಮರಾಠಿಯ ನಡುವೆ ಬದುಕಿದ ಮನುಷ್ಯನಿಗೆ ಲೋಕಲ್ ಟ್ರೈನಿನ ಗದ್ದಲದಲ್ಲಿ ಯಾರೋ ‘ಎಂತ ಮಾರಾಯ’ ಎಂದದ್ದು ಕಿವಿಗೆ ಬಿದ್ದರೆ ಸಾಕು, ಆತನನ್ನು ಕರೆದುಕೊಂಡು ಬಂದು ಊಟ ಹಾಕಿ ಕಳಿಸುತ್ತಿದ್ದರಂತೆ. ನಮ್ಮ ಭಾಷೆ ಆಡಿದವನು ನಮಗೆ ಮೋಸ ಮಾಡಲಾರ ಎಂಬ ಒಂದು ನಂಬಿಕೆ ನಮ್ಮವರಲ್ಲಿ ಇದೆ. ನನ್ನಲ್ಲೂ ಇದೆ.

“ಡಾಕ್ಟ್ರ್ ಹೆಸ್ರ್ ಎಂತ ಬಾವ?”

“ಅಲ್ಲೇ ಕೆಳ್ಗೆ ಬಂತಲೆ.”

ಬಂದಿತ್ತು. ಒಂದೇ ಹೆಸರು, ಮುಂದೆ ‘ಡಾ.’ ಊರಿಲ್ಲ, ಆಸ್ಪತ್ರೆಯಿಲ್ಲ, ಓದಿದ್ದು ಏನು ಎಂದಿಲ್ಲ. ಪ್ರತಿಯೊಬ್ಬ ಡಾಕ್ಟರಿಗೂ ಮೆಡಿಕಲ್ ಕೌನ್ಸಿಲಿನ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಅವರ ಚೀಟಿಯ ಮೇಲೆಯೇ ಇರುತ್ತದೆ, ಬೇಕಾದವರು ಹುಡುಕಿ ನೋಡಬಹುದು, ಇಲ್ಲಿ ಅದೂ ಇಲ್ಲ ಎಂದೆ. ನೋಂದಣಿ ಇರುವ ಡಾಕ್ಟರು ಹೀಗೆ ಒಂದು ಕಂಪನಿಯ ಮಾಲನ್ನು ಜಾಹೀರಾತಿನಲ್ಲಿ ಹೊಗಳುವಂತೆಯೇ ಇಲ್ಲ, ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದಕ್ಕೂ ಕಾನೂನು ಬಿಡುವುದಿಲ್ಲ ಎಂದೆ. ಹಿಂದಿನ ರಾತ್ರಿಯೇ ಅಕ್ಕನಿಂದ ಪುಡಿಯ ಹೆಸರು ಕೇಳಿ ತಿಳಿದು, ಹುಡುಕಿ ಇಟ್ಟುಕೊಂಡಿದ್ದ ಇನ್ನೊಂದು ವಿಡಿಯೋ ತೋರಿಸಿದೆ. ಅದೇ ಗುಂಡು ಮುಖ, ಅದೇ ಪುಸ್ತಕದ ಕಪಾಟು. ತೆಲುಗಿನಲ್ಲಿ ಮಂಡಿನೋವಿನ ಎಣ್ಣೆ ಮಾರುತ್ತಿತ್ತು. ಹೆಸರು ಬೇರೆ.

ನನಗೆ ಗೆದ್ದೆ ಅನ್ನಿಸಿತ್ತು.

“ಅಲ್ಲ ಮಾರಾಯ” ಎಂದರು ಬಾವ ನಿಧಾನಕ್ಕೆ, “ಒಬ್ಬ ಡಾಕ್ಟ್ರಿಗೆ ಎರಡ್ ಭಾಷಿ ಬಪ್ಪುಕಾಗ್ದಾ? ನಾನೇ ಐದ್ ಮಾತಾಡ್ತೆ.”

“ಹೆಸ್ರ್ ಬೇರೆ ಇತ್ತಲೆ?”

“ಮುಂಬೈಯಗೆ ನನ್ನ್ ಹೆಸ್ರ್ ಯಾರಿಗ್ ಗೊತ್ತಿದ್ದಿತ್? ಎಲ್ಲರೂ ಅಣ್ಣ ಅಂದೇ ಕರೂದ್. ಹಂಗಾರೆ ನಾನೂ ಕಳ್ಳನಾ?”

ಒಳಗಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ಅವಳು ಯಾರ ಪಕ್ಷದಲ್ಲಿದ್ದಾಳೆಂದು ಅವಳ ಮದುವೆಯಾದಂದಿನಿಂದ ನನಗೆ ಗೊತ್ತಾಗಿಲ್ಲ.

ಬಾವನ ಹತ್ತಿರ ಇನ್ನೂ ಗಟ್ಟಿಯಾದ ಸಾಕ್ಷಿ ಇತ್ತು. ಮನೆಯಲ್ಲೇ ಬೆರಳು ಚುಚ್ಚಿ ನೋಡುವ ಮಿಷನಿನಲ್ಲಿ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮೊದಲ ತಿಂಗಳು ಚೆನ್ನಾಗಿ ಇಳಿದಿತ್ತು. ಕೆದಕಿ ಕೇಳಿದೆ. ಆ ಮೊದಲ ತಿಂಗಳು ಪುಡಿಯ ಜೊತೆಗೆ ಗುಳಿಗೆಯನ್ನೂ ತಿಂದಿದ್ದರು, ಹಾಗೆಂದೇ ಕಂಪನಿಯವರು ಹೇಳಿದ್ದರು. ಡಬ್ಬಿಯ ಜೊತೆಗೆ ಒಂದು ಪಥ್ಯದ ಚಾರ್ಟೂ ಬಂದಿತ್ತು. ರಾತ್ರಿ ಅನ್ನ ಇಲ್ಲ, ಎಣ್ಣೆಯ ತಿಂಡಿ ಇಲ್ಲ, ಬೆಳಿಗ್ಗೆ ನಡಿಗೆ. ಡಾಕ್ಟರಮ್ಮ ಇಷ್ಟು ವರ್ಷ ಹೇಳಿದ್ದೂ ಇದನ್ನೇ. ಆಗ ಮಾಡದ್ದನ್ನು ಬಾವ ಈಗ ಚಾಚೂ ತಪ್ಪದೆ ಮಾಡಿದ್ದರು. ಗುಳಿಗೆ, ಪಥ್ಯ, ನಡಿಗೆ, ಪುಡಿ ನಾಲ್ಕೂ ಸೇರಿ ಇಳಿಸಿದ ಸಕ್ಕರೆಯ ಪೂರ್ತಿ ಹೆಸರು ಪುಡಿಗೆ ಹೋಗಿತ್ತು.

“ಗುಳ್ಗಿ ಬಿಟ್ ಮೇಲೆ ಎಷ್ಟಿತ್ತ್?”

“ಒಂಚೂರ್ ಏರಿತ್ತ್. ಅದ್ ವಿಷ ಹೊರಗ್ ಹೋಪ್ದ್ ಅಂಬ್ರ್. ಮತ್ತೆ ಕಾಣ್ಲ, ಸುಮ್ನೆ ಬೆರಳಿಗ್ ಯಾಕೆ ಚುಚ್ಚುದ್ ಅಂದೇಳಿ.”

“ಊಟ ಆದ್ಮೇಲೆ?”

“ಊಟ ಆದ್ಮೇಲೆ ಮನ್ಕಂತೆ.”

ಇಳಿದರೆ ಪುಡಿಯ ಗುಣ, ಏರಿದರೆ ವಿಷ ಹೊರಗೆ ಹೋಗುವುದು. ಹೀಗೆ ಹೇಳಿಬಿಟ್ಟರೆ ಪುಡಿ ಸೋಲುವುದಕ್ಕೆ ಜಾಗವೇ ಇಲ್ಲ. ಇದನ್ನು ಬಾವನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ತಲೆ ಬಗ್ಗಿಸಿದಾಗ ಸ್ಟೂಲಿನ ಮೇಲಿದ್ದ ಅವರ ಪಾದ ಕಂಡಿತು. ಹೆಬ್ಬೆರಳಿನ ಪಕ್ಕದಲ್ಲಿ ಚಪ್ಪಲಿ ಕಚ್ಚಿದ ಗಾಯ. ಅಂಚು ಕೆಂಪಗೆ ಊದಿಕೊಂಡಿತ್ತು.

“ಇದ್ ಎಷ್ಟ್ ದಿನ ಆಯ್ತ್?”

“ಅದಾ? ನೋವೇ ಇಲ್ಲೆ ಮಾರಾಯ. ಒಣಗತ್ತ್.”

ನೋವಿಲ್ಲ ಎಂದದ್ದೇ ನನ್ನನ್ನು ಹೆದರಿಸಿತು. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಸ್ಪರ್ಶವೇ ಮಂದವಾಗುವುದುಂಟು, ಗಾಯ ದೊಡ್ಡದಾಗುವವರೆಗೆ ಗೊತ್ತಾಗುವುದಿಲ್ಲ. ಬೆರಳು ತೆಗೆಸಿಕೊಂಡವರು ನನ್ನ ಅಂಗಡಿಗೆ ಬ್ಯಾಂಡೇಜಿಗೆ ಬರುತ್ತಾರೆ. ನನ್ನ ಜನ್ಮದ ಹೆದರಿಕೆಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಸುಳ್ಳು. ಇದು ಆ ಉಳಿದ ಒಂದು. ಆದರೆ ಎಲ್ಲಕ್ಕೂ ಒಂದೇ ದನಿಯಲ್ಲಿ ಹೆದರಿದವನ ಮಾತನ್ನು ಯಾರು ಬೇರೆ ಮಾಡಿ ಕೇಳುತ್ತಾರೆ?

“ನಾಳೆಯೇ ಕುಂದಾಪ್ರಕ್ಕೆ ಹೋಪ ಬಾವ, ಡಾಕ್ಟ್ರಮ್ಮನ ಹತ್ರ.”

“ಅವ್ರ್ ಹತ್ರ ಹೋದ್ರೆ ಪುಡಿ ಬಿಡಿ ಅಂತ್ರ್. ಬುಧವಾರ ಕಳಿಲಿ. ಬುಧವಾರ ಒಂದ್ ಕೆಲ್ಸ ಇತ್ತ್. ನಿನ್ನ್ ಅಂಗಡಿಗೇ ಬತ್ತೆ.”

ಗಾಯ ತೊಳೆದು, ಶುದ್ಧ ಬಟ್ಟೆ ಕಟ್ಟಿ, ಬರಿಗಾಲಿನಲ್ಲಿ ಓಡಾಡಬೇಡಿ ಎಂದು ಮೂರು ಸಲ ಹೇಳಿ ಬಂದೆ. ಮಂಗಳವಾರ ಎರಡು ಸಲ ಅಕ್ಕನಿಗೆ ಫೋನು ಮಾಡಿ, ಜ್ವರ ಉಂಟೇ, ಕಾಲು ಕಪ್ಪಾಗಿದೆಯೇ ಎಂದು ಕೇಳಿದೆ. “ನೀನ್ ಹೀಂಗೇ ಕೇಂತಾ ಇದ್ರೆ ನಂಗೇ ಜ್ವರ ಬತ್ತ್” ಎಂದಳು.

ಬುಧವಾರ ಬಾವ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಬಜೆ ಬೇಡವೆಂದದ್ದು ಚಾರ್ಟಿನ ದೆಸೆಯಿಂದ, ಇಸ್ತ್ರಿ ಯಾವುದಕ್ಕೆ? ಆಗಲೇ ನನಗೆ ಸಂಶಯ ಬರಬೇಕಿತ್ತು. ಅವರ ಕೆಲಸ ಏನೆಂದರೆ, ಪುಡಿಯ ಕಂಪನಿಯವರು ಅವರನ್ನೇ ವಿಡಿಯೋ ಮಾಡಿ ಕಳಿಸಲು ಕೇಳಿದ್ದರು. ‘ಆರೋಗ್ಯ ಸಲಹೆಗಾರ’ ಎಂದು ಹೇಳಿಕೊಳ್ಳುವ ಒಬ್ಬ ಹುಡುಗಿ ದಿನಾ ಫೋನು ಮಾಡಿ, ಸರ್, ನಿಮ್ಮ ಮಾತು ಎಷ್ಟು ಚೆನ್ನಾಗಿದೆ ಎಂದು ಹೊಗಳಿದ್ದಳು. ಬಾವನ ಮಾತನ್ನು ಹೊಗಳಿದವರಿಗೆ ಬಾವ ಏನನ್ನೂ ಇಲ್ಲ ಎನ್ನುವವರಲ್ಲ. ಏನು ಹೇಳಬೇಕೆಂದು ಬರೆದೂ ಕಳಿಸಿದ್ದರು. ಮೂರು ತಿಂಗಳಲ್ಲಿ ನನ್ನ ಸಕ್ಕರೆ ನಾರ್ಮಲ್ ಆಯಿತು, ಈಗ ಎಲ್ಲ ತಿನ್ನುತ್ತೇನೆ, ಇತ್ಯಾದಿ.

“ಮೂರ್ ತಿಂಗ್ಳ್ ಆಯ್ಲ ಅಲ್ದೇ ಬಾವ?”

“ವಿಡಿಯೋ ಬಪ್ಪತಿಗೆ ಆತ್ತ್.”

“ನಾರ್ಮಲ್?”

“ಅದೂ ಆತ್ತ್” ಎಂದರು. ಆದರೆ ಸ್ವಲ್ಪ ಆಚೆ ನೋಡಿದರು.

ಆಮೇಲೆ ನನ್ನ ಭಾಗ ಬಂತು. ಹುಡುಗಿ ಒಂದು ಧ್ವನಿ ಸಂದೇಶ ಕಳಿಸಿದ್ದಳು. ಬಾವ ಅದನ್ನು ಜೋರಾಗಿ ಹಾಕಿದರು.

“ಸರ್, ನಿಮ್ಮ ಸಂಬಂಧಿಕರು ಮೆಡಿಕಲ್ ಶಾಪ್ ಇಟ್ಟಿದ್ದಾರೆ ಅಂದ್ರಲ್ಲ, ಅವರು ವೈಟ್ ಕೋಟ್ ಹಾಕಿ ನಿಮ್ಮ ಪಕ್ಕ ನಿಂತು, ಇದು ಒಳ್ಳೆ ಪ್ರಾಡಕ್ಟ್ ಅಂತ ಹೇಳಿದ್ರೆ ಸಾಕು. ಕೆಳಗಡೆ ಡಾಕ್ಟರ್ ಅಂತ ನಾವೇ ಹಾಕ್ಕೊಳ್ತೀವಿ.”

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಬಾವ ನನ್ನ ಮುಂದೆ ಕೂತು ಏನನ್ನಾದರೂ ಕೇಳಿದರೆ ನನಗೆ ಆಗುವುದಿಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ನನ್ನ ಓದಿನ ಫೀಸು ಮುಂಬೈಯಿಂದ ಬಂದದ್ದು.

“ಒಂದ್ ಸಲ ನಿಲ್ಲ್ ಮಾರಾಯ, ಹ್ಯಾಂಗ್ ಕಾಣತ್ತ್ ಕಾಂಬ. ಕಳ್ಸುದೋ ಬಿಡುದೋ ಮತ್ತೆ.”

ನಿಂತೆ. ಕೋಟಿನ ಗುಂಡಿ ಹಾಕಿಕೊಂಡೆ. ಹಿಂದೆ ಔಷಧಿಯ ಕಪಾಟು. ಬಿ.ಪಿ. ನೋಡುವ ಮಿಷನ್ನಿನ ಜೊತೆಗಿದ್ದ ಸ್ಟೆತಸ್ಕೋಪನ್ನು ಬಾವನೇ ತೆಗೆದು ನನ್ನ ಕುತ್ತಿಗೆಗೆ ಹಾಕಿದರು. ಅಂಗಡಿಗೆ ಬಂದ ಒಬ್ಬ ಹೆಂಗಸು ನನ್ನನ್ನು ಕಂಡು, “ಯಾರಿಗ್ ಎಂತ ಆಯ್ತ್ ಡಾಕ್ಟ್ರೇ?” ಎಂದು ಗಾಬರಿಯಾದಳು. ಏನಿಲ್ಲ ಎಂದು ಕೆಮ್ಮಿನ ಸಿರಪ್ಪು ಕೊಟ್ಟು ಕಳಿಸಿದೆ.

ಬಾವ ಎರಡು ಹೆಜ್ಜೆ ಹಿಂದೆ ಸರಿದು ಫೋನು ಹಿಡಿದರು.

“ಎಂತಾರು ಹೇಳ್.”

“ಎಂತ ಹೇಳುದ್?”

“ಸಕ್ರಿ ಕಾಯ್ಲಿ ಬಗ್ಗೆ ಎಂತಾರು. ಡಾಕ್ಟ್ರ್ ಹೇಳ್ದಂಗೆ.”

ನಾನು ಕ್ಯಾಮೆರಾ ನೋಡಿದೆ. “ಸಕ್ಕರೆ ಕಾಯಿಲೆಯಿರುವವರು ಪಾದವನ್ನು ದಿನಾ ನೋಡಿಕೊಳ್ಳಬೇಕು” ಎಂದೆ. ಬಾಯಿಗೆ ಬಂದದ್ದು ಅದೊಂದೇ.

ಬಾವ ಆ ತುಣುಕನ್ನು ತಿರುಗಿಸಿ ನೋಡಿದರು. ಹುಬ್ಬು ಮೇಲೇರಿತು.

“ಅರೆ! ನೀನ್ ಥೇಟ್ ಡಾಕ್ಟ್ರೇ ಕಾಣ್! ಮುಖದಗೆ ಎಂತ ಗಂಭೀರ ಮಾರಾಯ.” ಜೋರಾಗಿ ನಕ್ಕರು. ಇನ್ನೊಮ್ಮೆ ಹಾಕಿ ನೋಡಿದರು. ಮತ್ತೊಮ್ಮೆ ನಕ್ಕರು, ಆದರೆ ಆ ನಗು ಅರ್ಧಕ್ಕೇ ನಿಂತಿತು. ಮೂರನೆಯ ಸಲ ನಗದೆ ನೋಡಿದರು. ಆಮೇಲೆ ಕನ್ನಡಕ ತೆಗೆದು, ಫೋನಿನಲ್ಲಿದ್ದ ನನ್ನನ್ನೂ ಎದುರಿಗಿದ್ದ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. ಎದುರಿಗಿದ್ದವನನ್ನು ಅವರು ಚೆನ್ನಾಗಿ ಬಲ್ಲರು. ಇಂಜೆಕ್ಷನ್ನಿನ ಸೂಜಿ ಕಂಡರೆ ಗೋಡೆ ಹಿಡಿದುಕೊಳ್ಳುವವನು.

“ಹಂಗಾರೆ ಅವ್ನೂ…” ಎಂದರು.

ಹೇಳಬೇಕಾದ್ದನ್ನು ನಾನೇ ಭಾನುವಾರವಿಡೀ ಹೇಳಿದ್ದೆ.

“ಅವ್ನೂ ನಿನ್ನಂಗೇ ಯಾವುದೋ ಅಂಗಡಿಯಗೆ ಕೂಕಂಬವ ಇಪ್ದಾ?”

“ಅಂಗಡಿಯಗೆ ಇದ್ರೆ ಪುಣ್ಯ ಬಾವ. ಬರೀ ಕೋಟ್ ಬಾಡ್ಗಿಗೆ ತಂದವ ಇಪ್ಪುಕೂ ಸಾಕ್. ಮನ್ಷನೇ ಇಲ್ದೆ ಕಂಪ್ಯೂಟರಗೆ ಮಾಡಿದ್ದ್ ಇಪ್ಪುಕೂ ಸಾಕ್. ಈಗ ಮುಖ, ಸ್ವರ, ನಮ್ಮ ಭಾಷಿ ಎಲ್ಲ ಮಾಡ್ತ್ರ್.”

“ನಮ್ಮ ಭಾಷಿ ಸಮೇತ?” ಅದು ಅವರಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟಾಯಿತೆಂದು ಕಾಣುತ್ತದೆ. ಸ್ಟೂಲಿನ ಮೇಲೆ ಕೂತರು. ಚೀಲದಿಂದ ಡಬ್ಬಿ ತೆಗೆದು ಮೊದಲ ಬಾರಿಗೆ ಅದರ ಹಿಂಭಾಗ ತಿರುಗಿಸಿದರು. ಇರುವೆಯ ಸಾಲಿನಂಥ ಅಕ್ಷರ. ಕನ್ನಡಕ ಹಾಕಿದರೂ ಆಗದೆ ನನ್ನ ಕೈಗೆ ಕೊಟ್ಟರು. ಓದಿದೆ. ಇದು ಆಹಾರ ಪೂರಕ, ಯಾವುದೇ ಕಾಯಿಲೆಯನ್ನು ಗುಣಪಡಿಸಲು ಅಲ್ಲ ಎಂದಿತ್ತು. ವಿಡಿಯೋದಲ್ಲಿ ಬುಡದಿಂದ ಗುಣವಾಗುತ್ತಿದ್ದದ್ದು ಡಬ್ಬಿಯ ಮೇಲೆ ಬರುವಷ್ಟರಲ್ಲಿ ಬರೇ ಆಹಾರವಾಗಿತ್ತು.

“ಸರ್ಕಾರದ ನಂಬ್ರ ಇತ್ತ್ ಅಂದಿದ್ಲಲೆ ಆ ಹೆಣ್ಣ್?”

ಇತ್ತು. ನಂಬರಿನ ಪಕ್ಕದಲ್ಲಿದ್ದ ಗುರುತನ್ನು ಬಾವ ಫೋನಿನ ಟಾರ್ಚು ಹಿಡಿದು ನೋಡಿದರು. “ಇದಾ? ಇದ್ ತಿಂಡಿ ಮಾಡೂಕೆ ಕೊಡು ಲೈಸನ್ಸ್ ಅಲ್ದಾ? ನಮ್ಮ ಹೋಟ್ಲಗೂ ಗೋಡಿ ಮೇಲ್ ಇದೇ ಇದ್ದಿತ್! ನಮ್ಮ ಇಡ್ಲಿ ತಿಂದ್ ಯಾರ್ ಸಕ್ರಿ ಕಾಯ್ಲಿ ಗುಣ ಆಯ್ತ್?” ಎಂದು ನನ್ನ ಮೇಲೆಯೇ ರೇಗಿದರು, ಪುಡಿ ಮಾರಿದವನು ನಾನೇ ಎಂಬ ಹಾಗೆ. ಆಮೇಲೆ ಸ್ಟೆತಸ್ಕೋಪು ತೆಗೆಯಲು ಹೇಳಿದರು. “ತೆಗಿ ಅದನ್ನ್. ಕಾಂಬುಕೆ ಹೆದ್ರಿಕಿ ಆತ್ತ್.”

ಮರುದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ, ತೆಕ್ಕಟ್ಟೆಯಲ್ಲಿ ಬಾವನನ್ನು ಕಾರಿಗೆ ಹತ್ತಿಸಿಕೊಂಡು ಕುಂದಾಪುರಕ್ಕೆ ಹೋದೆ. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ಕೊಟ್ಟಾಯಿತು. ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯೂ ಆಯಿತು. ಡಾಕ್ಟರಮ್ಮ ಬೈಯುತ್ತಾರೆಂದು ಬಾವ ತಯಾರಾಗಿ ಬಂದಿದ್ದರು. ಉತ್ತರಗಳನ್ನೂ ತಂದಿದ್ದರು. ಅವರು ಬೈಯಲಿಲ್ಲ. ಕೆಳಗೆ ಕೂತು ಪಾದ ನೋಡಿದರು, ಹತ್ತಿಯ ಎಳೆಯಿಂದ ಬೆರಳುಗಳನ್ನು ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಒಂದೆರಡು ಕಡೆ ಬಾವನಿಗೆ ಗೊತ್ತಾಗಲಿಲ್ಲ. ಡಬ್ಬಿ ತಿರುಗಿಸಿ ನೋಡಿ, ಇದರಲ್ಲಿ ನಿಜವಾಗಿ ಏನಿದೆಯೆಂದು ನನಗೂ ಗೊತ್ತಾಗುವ ಹಾಗಿಲ್ಲ, ಇಂಥ ಕೆಲವು ಪುಡಿಗಳಲ್ಲಿ ಹೆಸರು ಹೇಳದೆ ಇಂಗ್ಲಿಷ್ ಮದ್ದನ್ನೇ ಬೆರೆಸಿರುವುದೂ ಉಂಟು ಎಂದರು.

ಆಮೇಲೆ, “ರಿಪೋರ್ಟ್ ಇನ್ನೂ ಬಂದಿಲ್ಲ. ಬರುವ ಮೊದಲೇ ನೀವು ಹೇಳಿಬಿಡಿ. ಎಷ್ಟು ಬಂದರೆ ಪುಡಿ ಕೆಲಸ ಮಾಡಿದೆ? ಎಷ್ಟು ಬಂದರೆ ಮಾಡಿಲ್ಲ?” ಎಂದು ಕೇಳಿದರು.

ಬಾವ ತಯಾರಿಸಿ ತಂದಿದ್ದ ಉತ್ತರಗಳಲ್ಲಿ ಇದಕ್ಕೆ ಯಾವುದೂ ಹೊಂದಲಿಲ್ಲ. “ಆ ಮೂರ್ ತಿಂಗ್ಳಿನ ಲೆಕ್ಕ ಹೋದ ಸಲ ಏಳರ ಹತ್ರ ಇದ್ದಿತ್. ಅದ್ಕಿಂತ ಹೆಚ್ಚಾದ್ರೆ ಪುಡಿ ಸುಳ್ಳ್. ಮತ್ತೆ ವಿಷ ಹೊರಗ್ ಹೋಪ್ದ್ ಗಿಷ ಹೊರಗ್ ಹೋಪ್ದ್ ಅಂದೇಳಿ ನಾನ್ ಹೇಳುದಿಲ್ಲೆ.”

ಮೂರು ತಿಂಗಳ ಸರಾಸರಿ ಎಂಟೂವರೆ ದಾಟಿತ್ತು. ತಿಂಡಿಯ ನಂತರದ್ದು ಮುನ್ನೂರರ ಹತ್ತಿರ.

ಬಾವ ವಾದ ಮಾಡಲಿಲ್ಲ. ಇಷ್ಟೇ ಕೇಳಿದರು: “ಅಲ್ಲ ಡಾಕ್ಟ್ರಮ್ಮ, ಆ ವಿಡಿಯೋದಗಿದ್ದ್ ಅಜ್ಜನಿಗೆಲ್ಲ ಗುಣ ಆದ್ದ್ ಹ್ಯಾಂಗೆ?”

“ಅವರು ನಿಜವಾಗಿ ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ, ಗುಣವಾಯಿತು ಎಂದವರು ಮಾತ್ರ ವಿಡಿಯೋದಲ್ಲಿ ಬರುತ್ತಾರೆ. ಆಗದವರು ಇಲ್ಲಿಗೆ ಬರುತ್ತಾರೆ” ಎಂದರು ಡಾಕ್ಟರಮ್ಮ. ಗಾಯಕ್ಕೆ ಔಷಧಿ ಬರೆದರು, ದಿನ ಬಿಟ್ಟು ದಿನ ಡ್ರೆಸಿಂಗಿಗೆ ಬರಬೇಕೆಂದರು. ಹಳೆಯ ಗುಳಿಗೆಗಳನ್ನೇ ಮತ್ತೆ ಶುರುಮಾಡಿಸಿದರು. “ಚಾರ್ಟು ಇಟ್ಟುಕೊಳ್ಳಿ, ಅದು ಒಳ್ಳೆಯದಿದೆ. ಡಬ್ಬಿ ಬಿಡಿ” ಎಂದಾಗ ಬಾವ ಅಂದು ಮೊದಲ ಬಾರಿಗೆ ನಕ್ಕರು. ಬೇಗ ಬಂದದ್ದು ಒಳ್ಳೆಯದಾಯಿತು, ಬೆರಳಿಗೇನೂ ಆಗುವುದಿಲ್ಲ ಎಂದೂ ಹೇಳಿದರು. ಅದನ್ನು ನಾನು ಇನ್ನೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಎರಡನೆಯ ಸಲ ಅವರು ನನ್ನ ಬಿ.ಪಿ. ನೋಡಲೇ ಎಂದು ಕೇಳಿದರು.

ವಾಪಸು ಬರುವಾಗ ಕಾರಿನಲ್ಲಿ ಬಾವ ರಿಪೋರ್ಟನ್ನು ಬಿಡಿಸಿ ಮಡಚುತ್ತಲೇ ಇದ್ದರು. ಊರು ಹತ್ತಿರವಾದಾಗ, “ನಿಲ್ಲ್ಸ್, ನಿಲ್ಲ್ಸ್. ಅವ್ನ ಮನಿಗೆ ಹೋಯ್ಕ್” ಎಂದರು.

ಅವನು ಎಂದರೆ ಬಾವನ ಗೆಳೆಯ, ಬಸ್ಸು ಓಡಿಸಿ ನಿವೃತ್ತರಾದವರು. ಶಾಲೆಯಿಂದಲೂ ಜೊತೆ. ಅವರಿಗೂ ಸಕ್ಕರೆ, ಅವರದು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವ ಮಟ್ಟದ್ದು. ಬಾವ ಒಂದು ಡಬ್ಬಿ ಹೆಚ್ಚಿಗೆ ತರಿಸಿ, ತಾವೇ ಹೋಗಿ ಅವರ ಕೈಯಲ್ಲಿಟ್ಟು, ಇನ್ನು ಸೂಜಿ ಬಿಸಾಡು ಎಂದು ಬಂದಿದ್ದರಂತೆ. ಇದನ್ನು ಅವರು ನನಗೆ ಆಗಲೇ ಹೇಳಿದ್ದು. ಇನ್ಸುಲಿನ್ ಒಮ್ಮೆಲೇ ನಿಲ್ಲಿಸಿದರೆ ಏನಾಗಬಹುದೆಂದು ನನ್ನ ತಲೆಯಲ್ಲಿ ಅಚ್ಚಾದ ಕಾಗದಗಳೆಲ್ಲ ಬಿಡಿಸಿಕೊಂಡವು. ಬಾವನಿಗೂ ಏನೋ ಬಿಡಿಸಿಕೊಂಡಿರಬೇಕು.

“ಅವ್ನಿಗ್ ಎಂತಾರು ಆದ್ರೆ, ನಾನ್ ಹೇಳಿ ಆದ್ದ್” ಎಂದರು. ಅವರ ದನಿಯಲ್ಲಿ ಹೆದರಿಕೆಯನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಪರಿಚಯದ ದನಿ, ಬಾಯಿ ಮಾತ್ರ ಬೇರೆ.

ಗೆಳೆಯರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಆರೋಗ್ಯವಾಗಿಯೇ ಕಂಡರು. ಬಾವ ಗೇಟಿನಲ್ಲೇ ನಿಂತು, ಊರಿನ ಎಲ್ಲರಿಗೂ ಕೇಳಿಸುವ ದನಿಯನ್ನು ತಗ್ಗಿಸಿ, “ಕೇಣ್ ಇಲ್ಲಿ. ಆ ಪುಡಿ ಸುಳ್ಳ್ ಮಾರಾಯ. ನಾನ್ ಮೋಸ ಹೋದೆ. ಸೂಜಿ ಬಿಟ್ಟಿದ್ರೆ ಈಗ್ಳೇ ಗಾಡಿ ಹತ್ತ್, ಡಾಕ್ಟ್ರಮ್ಮನ ಹತ್ರ ಹೋಪ” ಎಂದರು. ಇಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿ ನಿಂತ ನನಗೆ ಗೊತ್ತು.

ಗೆಳೆಯರು ಕಾಯಿ ಸುಲಿಯುವುದನ್ನು ನಿಲ್ಲಿಸಿ ನೋಡಿದರು. “ಯಾವ ಪುಡಿ?”

“ಆ ಹಸ್ರ್ ಡಬ್ಬಿ! ನಾನ್ ಕೊಟ್ಟದ್ದ್!”

“ಹೋ, ಅದಾ. ಅದ್ ಬಾಗ್ಲ್ ಸಂದಿಯಗಿತ್ತ್. ಮುಚ್ಚ್ಳವೇ ತೆಗಿಲ್ಲ.”

“ಕುಡೀಲ್ಯಾ?”

“ನಾನೆಂತಕ್ಕೆ ಕುಡೀಕ್? ನಿನ್ನ್ ಮಾತ್ ಕೇಂಡ್ ನಾನ್ ಒಂದ್ ಕೆಲ್ಸ ಮಾಡದ್ದ್ ಇತ್ತಾ ಇಲ್ಲಿವರಿಗೆ? ನೀನ್ ಪ್ರೀತಿಯಗೆ ಕೊಟ್ಟೆ, ನಾನ್ ಇಸ್ಕಂಡೆ. ಸೂಜಿ ಬೆಳಿಗ್ಗೆಯೇ ಚುಚ್ಚ್ಕಂಡಾಯ್ತ್. ಬಾ, ಕೂಕೊ, ಬೊಂಡ ಕುಡಿ.”

ಬೊಂಡ ಎಂದರೆ ಎಳನೀರು. ಬಾವ ಕೂರಲಿಲ್ಲ. ಬೇಡ ಎಂದು ಹೊರಟೇಬಿಟ್ಟರು. ನಾನು ಹಿಂದಿನಿಂದ ಗೆಳೆಯರಿಗೆ ಕೈಮುಗಿದು ಕಾರಿಗೆ ಬಂದೆ. ದೊಡ್ಡ ಗಂಡಾಂತರ ತಪ್ಪಿತೆಂದು ನನ್ನ ಎದೆ ಹಗುರಾಗಿತ್ತು. ಬಾವನಿಗೂ ಹಾಗೇ ಆಗಿರುತ್ತದೆಂದು ಅವರ ಮುಖ ನೋಡಿದರೆ, ಅಲ್ಲಿ ಬೇರೆಯೇ ಇತ್ತು.

“ಕಂಡ್ಯಾ?” ಎಂದರು, ಸೀಟಿನ ಬೆಲ್ಟು ಎಳೆಯುತ್ತಾ. “ಶಾಲಿಗ್ ಹೋಪತಿಗಿಂದ ದೋಸ್ತಿ. ನಾನ್ ಅಷ್ಟ್ ದೂರ ನಡ್ಕಂಡ್ ಹೋಯಿ ಹೇಳಿ ಬಂದದ್ದ್. ಅವ ನನ್ನ್ ಮಾತನ್ನ್ ಒಂಚೂರೂ ನಂಬ್ಲ ಕಾಣ್!”

“ನಂಬ್ಲ ಅಂದೇಳಿ ಬದ್ಕಿದ್ರ್ ಬಾವ.”

“ಅದ್ ಬೇರೆ” ಎಂದರು. ಮನೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಇಳಿಯುವಾಗ ಔಷಧಿಯ ಚೀಲವನ್ನು ನನ್ನ ಕೈಯಿಂದ ಕಿತ್ತುಕೊಂಡು, ಗುಳಿಗೆಯನ್ನು ಊಟಕ್ಕೆ ಮೊದಲೋ ನಂತರವೋ ಎಂದು ಕೇಳಿದರು. ಇಷ್ಟು ವರ್ಷ ತಿಂದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ನಾನು ಹೇಳಿದೆ. ಅವರು ತಲೆಯಾಡಿಸಿ, ಕಾಲನ್ನು ಜೋಪಾನವಾಗಿ ಎತ್ತಿಡುತ್ತಾ ಒಳಗೆ ಹೋದರು.